ಒಂದೇ ಟೇಬಲ್, ಮೂರು ಸಲ: ಟಿ-ಸ್ಲಾಟ್ ನಟ್‌ಗಳನ್ನೂ ಮೂಲೆ ಬ್ರಾಕೆಟ್‌ಗಳನ್ನೂ ಹೋಲಿಸಿ ನೋಡಿದೆ

ಎಲೆಕ್ಟ್ರಾನಿಕ್ಸ್ ರಿಪೇರಿ ಕೆಲಸಕ್ಕೆ ನನಗೊಂದು ಅಲುಗಾಡದ ಟೇಬಲ್ ಬೇಕಿತ್ತು. 1200 ಮಿ.ಮೀ. ಅಗಲ, 600 ಆಳ, ನಿಂತು ಕೆಲಸ ಮಾಡೋಕೆ 900 ಎತ್ತರ. ಮೇಲೊಂದು ದಪ್ಪ ಪ್ಲೈವುಡ್, ಅದರ ಅಂಚಿಗೆ ಒಂದು ಸಣ್ಣ ವೈಸ್. 40×40 ಅಲ್ಯೂಮಿನಿಯಂ ಪ್ರೊಫೈಲ್ ತಗೊಂಡೆ. ನಾಲ್ಕೂ ಬದಿಗೆ 8 ಮಿ.ಮೀ. ಬಾಯಿಯ, ಒಳಗೆ ಇನ್ನೂ ಅಗಲವಾಗುವ ಸ್ಲಾಟ್ ಇರುವಂಥದ್ದು. ಕಾಲುಗಳ ಮಧ್ಯೆ ಅಡ್ಡಪಟ್ಟಿಗಳು ಕೂರೋ ಹಾಗೆ ವಿನ್ಯಾಸ. ಮೇಲೆ ಸುತ್ತಲೂ ನಾಲ್ಕು, ಕೆಳಗೆ ಹಿಂದೆ ಒಂದು, ಅಕ್ಕಪಕ್ಕ ಎರಡು. ಮುಂದುಗಡೆ ಕೆಳಗೆ ಕಾಲಿಗೆ ತಾಗಬಾರದು ಅಂತ ಬಿಟ್ಟೆ. ಒಟ್ಟು ಏಳು ಅಡ್ಡಪಟ್ಟಿ, ಹದಿನಾಲ್ಕು ಜೋಡಣೆ.

ಈ ಹದಿನಾಲ್ಕು ಜೋಡಣೆಗಳನ್ನು ಮೂರು ಸಲ ಬಿಚ್ಚಿ ಕಟ್ಟಿದ್ದೇನೆ. ಪ್ರತಿ ಸಲ ನಟ್ಟೋ ಬ್ರಾಕೆಟ್ಟೋ ಏನಾದರೊಂದು ಬೇರೆ. ಪ್ರೊಫೈಲ್ ಮಾತ್ರ ಅದೇ. ಹಾಗಾಗಿ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

ಮೊದಲ ಸಲ ಹಾಕಿದ್ದು ಒಳಗೆ ಅಡಗಿ ಕೂರುವ ಕನೆಕ್ಟರ್. ಎಲ್ ಆಕಾರದ ಸಣ್ಣ ಉಕ್ಕಿನ ತುಂಡು, ಎರಡು ಪ್ರೊಫೈಲ್‌ಗಳ ಸ್ಲಾಟ್ ಒಳಗೇ ತೂರಿಕೊಳ್ಳುತ್ತದೆ. ಅದರಲ್ಲಿರುವ ಗ್ರಬ್ ಸ್ಕ್ರೂಗಳನ್ನು ಅಲನ್ ಕೀಯಿಂದ ತಿರುಗಿಸಿದರೆ ಅವು ಸ್ಲಾಟಿನ ತಳವನ್ನು ಒತ್ತುತ್ತವೆ, ಕನೆಕ್ಟರ್ ಮೇಲಕ್ಕೆದ್ದು ಸ್ಲಾಟಿನ ತುಟಿಗೆ ಬಿಗಿಯಾಗುತ್ತದೆ. ಹೊರಗೆ ಬೋಲ್ಟಿನ ತಲೆ ಕಾಣೋದಿಲ್ಲ. ನೋಡೋಕೆ ಇದಕ್ಕಿಂತ ಚೆಂದದ ಮೂಲೆ ಇನ್ನೊಂದಿಲ್ಲ. ಬೇಗನೂ ಮುಗಿಯುತ್ತದೆ.

ಆದರೆ ಕಟ್ಟಿದ ದಿನವೇ ಟೇಬಲ್ ಮೇಲೆ ಕೈ ಊರಿ ಪಕ್ಕಕ್ಕೆ ತಳ್ಳಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಅಂದಾಜಿನ ಮೇಲೆ ಬಿಡಬಾರದು ಅಂತ ಅಳೆದೆ. ಕಾಲುಗಳು ಜಾರದ ಹಾಗೆ ನೆಲಕ್ಕೆ ಮರದ ತುಂಡು ಕೊಟ್ಟು, ಮೇಲಿನ ಅಡ್ಡಪಟ್ಟಿಯ ತುದಿಗೆ ಹಗ್ಗ ಕಟ್ಟಿ, ಸೂಟ್‌ಕೇಸ್ ತೂಗುವ ಕೊಕ್ಕೆ ಕಾಟಾದಿಂದ 20 ಕೆ.ಜಿ. ತೋರಿಸುವ ತನಕ ಪಕ್ಕಕ್ಕೆ ಎಳೆದೆ. ಇನ್ನೊಂದು ತುದಿಯಲ್ಲಿ ಗೋಡೆಗೆ ಒರಗಿಸಿದ ಸ್ಕೇಲ್. ಟೇಬಲ್ ಸುಮಾರು 9 ಮಿ.ಮೀ. ವಾಲಿತು. ಅದಕ್ಕಿಂತ ಮುಖ್ಯವಾದದ್ದು ಹಗ್ಗ ಬಿಟ್ಟ ಮೇಲೆ ಕಂಡಿತು. ಟೇಬಲ್ ಮೊದಲಿನ ಜಾಗಕ್ಕೆ ಪೂರ್ತಿ ವಾಪಸ್ ಬರಲಿಲ್ಲ. ಒಂದೂವರೆ ಮಿ.ಮೀ. ಆಚೆಗೇ ನಿಂತಿತು.

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅಲ್ಯೂಮಿನಿಯಂ ಸ್ವಲ್ಪ ಬಾಗಿ ವಾಪಸ್ ಬರೋದು ಸಹಜ. ಕಾಲು ಬಾಗುತ್ತೆ, ಅಡ್ಡಪಟ್ಟಿ ಬಾಗುತ್ತೆ, ಬಿಟ್ಟರೆ ನೆಟ್ಟಗಾಗುತ್ತೆ. ಅದು ಪ್ರೊಫೈಲಿನ ಗುಣ. ವಾಪಸ್ ಬಾರದೆ ಉಳಿದ ಭಾಗ ಮಾತ್ರ ಜೋಡಣೆ ಜಾರಿದ ಲೆಕ್ಕ. ಹಾಗಾಗಿ ಎಷ್ಟು ವಾಲಿತು ಅನ್ನೋದಕ್ಕಿಂತ ಎಷ್ಟು ಉಳಿಯಿತು ಅಂತ ನೋಡಿ. ಬಿಚ್ಚಿ ನೋಡಿದಾಗ ಗ್ರಬ್ ಸ್ಕ್ರೂಗಳ ತುದಿ ಸ್ಲಾಟಿನ ತಳದಲ್ಲಿ ಸಣ್ಣ ಗುಳಿ ಮಾಡಿತ್ತು. ಕೆಲವು ಕಡೆ ಗುಳಿ ಉದ್ದಕ್ಕೆ ಎಳೆದುಕೊಂಡಿತ್ತು. ಅದೇ ಜಾರಿದ ಗುರುತು. ಆಮೇಲೆ ಕನೆಕ್ಟರನ್ನು ಒಂದೇ ಒಂದು ಮಿ.ಮೀ. ಸರಿಸೋಣ ಅಂದರೂ ಸ್ಕ್ರೂ ಮತ್ತೆ ಹಳೇ ಗುಳಿಗೇ ಹೋಗಿ ಬೀಳುತ್ತದೆ.

ಎರಡನೇ ಸಲಕ್ಕೆ ಎರಕದ ಅಲ್ಯೂಮಿನಿಯಂ ಮೂಲೆ ಬ್ರಾಕೆಟ್ ತಂದೆ. ಹೊರಗೆ ಕಾಣುವ, ಎರಡು ಪಕ್ಕೆಲುಬಿನಂಥ ಗೋಡೆ ಇರುವ ತ್ರಿಕೋನ. ಪ್ರತಿ ಜೋಡಣೆಗೆ ಒಂದರಂತೆ ಹದಿನಾಲ್ಕು ಬ್ರಾಕೆಟ್, ಇಪ್ಪತ್ತೆಂಟು ಎಂ8 ಬೋಲ್ಟ್. ನಟ್ ಮಾತ್ರ ಹ್ಯಾಮರ್ ನಟ್ ಆಯ್ಕೆ ಮಾಡಿದೆ. ಕಾರಣ ಸರಳ. ಫ್ರೇಮ್ ಬಿಚ್ಚದೆ ಮುಂದಿನಿಂದಲೇ ಸ್ಲಾಟಿಗೆ ಹಾಕಬಹುದು. ಬೋಲ್ಟ್ ತಿರುಗಿಸಿದರೆ ನಟ್ ಒಳಗೆ ಕಾಲು ಸುತ್ತು ತಿರುಗಿ ಅಡ್ಡಲಾಗಿ ನಿಂತು ತುಟಿಗಳನ್ನು ಹಿಡಿಯುತ್ತದೆ. ಅದಕ್ಕೆ ಎರಡು ಮೂಲೆ ದುಂಡಗೆ, ಎರಡು ಚೂಪಾಗಿ ಇರುತ್ತವೆ. ದುಂಡು ಮೂಲೆ ತಿರುಗೋಕೆ ಬಿಡುತ್ತೆ, ಚೂಪು ಮೂಲೆ ತಡೆದು ನಿಲ್ಲಿಸುತ್ತೆ.

ತಿರುಗಿದರೆ ಸರಿ. ತಿರುಗದಿದ್ದರೆ? ಇಪ್ಪತ್ತೆಂಟರಲ್ಲಿ ಐದು ಪೂರ್ತಿ ತಿರುಗಿರಲಿಲ್ಲ. ಬೋಲ್ಟ್ ನಟ್ಟಿನ ಒಳಗೆ ಸಡಿಲವಾಗಿ ತಿರುಗಿದರೆ ನಟ್ ಜೊತೆಗೆ ತಿರುಗೋದಿಲ್ಲ. ಅರ್ಧ ತಿರುಗಿ ಓರೆಯಾಗಿ ಕೂತರೆ ಅಲನ್ ಕೀಗೆ ಮಾತ್ರ ಬಿಗಿಯಾದ ಹಾಗೇ ಅನ್ನಿಸುತ್ತದೆ. ಬೋಲ್ಟನ್ನು ಅರ್ಧ ಸುತ್ತು ಬಿಚ್ಚಿ, ತಕ್ಷಣ ಚುರುಕಾಗಿ ಬಿಗಿ ಕಡೆಗೆ ತಿರುಗಿಸಿದರೆ ಸಾಮಾನ್ಯವಾಗಿ ಅಡ್ಡ ಬೀಳುತ್ತದೆ. ಆದರೂ ಬ್ರಾಕೆಟ್ ಪಕ್ಕದಿಂದ ಸ್ಲಾಟ್ ಒಳಗೆ ಟಾರ್ಚ್ ಬಿಟ್ಟು ನೋಡಲೇಬೇಕು.

ಇನ್ನೊಂದು ತೊಂದರೆ ಬೋಲ್ಟಿನ ಉದ್ದದ್ದು. ಇದು ಯಾವ ನಟ್ ಹಾಕಿದರೂ ಬರುತ್ತದೆ. ನಾನು ತಂದಿದ್ದು 20 ಮಿ.ಮೀ. ಉದ್ದದ ಬೋಲ್ಟ್. ಕೀ ಗಟ್ಟಿಯಾಗಿ ನಿಂತಿತು, ಆದರೆ ಬ್ರಾಕೆಟ್ ಕೈಗೆ ಅಲ್ಲಾಡುತ್ತಿತ್ತು. ಪಕ್ಕದ ಲೇತ್ ಅಂಗಡಿಯ ಅಣ್ಣ ಬಂದು ನೋಡಿ ಒಂದೇ ಮಾತು ಹೇಳಿದರು. "ಬೋಲ್ಟ್ ಬಿಗಿಯಾದ್ರೆ ಸಾಲ್ದು ಸಾರ್, ಬ್ರಾಕೆಟ್ ಬಿಗಿಯಾಯ್ತಾ ನೋಡಿ." ಬೋಲ್ಟಿನ ತುದಿ ಸ್ಲಾಟಿನ ತಳಕ್ಕೆ ತಾಗಿ ನಿಂತಿತ್ತು. ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ನನ್ನ ಬ್ರಾಕೆಟ್ ದಪ್ಪ 5, ವಾಷರ್ 1.6. ಇಪ್ಪತ್ತರಲ್ಲಿ ಇವನ್ನು ಕಳೆದರೆ 13.4 ಮಿ.ಮೀ. ಪ್ರೊಫೈಲ್ ಒಳಗೆ ಹೋಗುತ್ತದೆ. ನನ್ನ ಸ್ಲಾಟಿನ ಆಳ ಹೊರಮೈಯಿಂದ 12.5 ಮಾತ್ರ. 16 ಮಿ.ಮೀ. ಬೋಲ್ಟಾದರೆ 9.4 ಒಳಗೆ ಹೋಗುತ್ತೆ, ನಟ್ಟನ್ನೂ ಪೂರ್ತಿ ಹಿಡಿಯುತ್ತೆ, ತಳದಲ್ಲಿ 3 ಮಿ.ಮೀ. ಜಾಗವೂ ಉಳಿಯುತ್ತೆ. ಒಂದೊಂದು ಕಂಪನಿಯ ಸ್ಲಾಟ್ ಒಂದೊಂದು ಆಳ ಇರುತ್ತದೆ. ಬೋಲ್ಟ್ ಕೊಳ್ಳೋ ಮೊದಲು ವರ್ನಿಯರ್‌ನ ಹಿಂದಿನ ಕಡ್ಡಿ ಇಳಿಸಿ ಒಮ್ಮೆ ಅಳೆದುಕೊಳ್ಳಿ.

ಬೋಲ್ಟ್ ಬದಲಿಸಿ ಎಲ್ಲವನ್ನೂ ಟಾರ್ಕ್ ರೆಂಚಿನಲ್ಲಿ 20 ನ್ಯೂಟನ್ ಮೀಟರಿಗೆ ಬಿಗಿ ಮಾಡಿದ ಮೇಲೆ ಅದೇ 20 ಕೆ.ಜಿ. ಎಳೆತಕ್ಕೆ ಟೇಬಲ್ ವಾಲಿದ್ದು ಸುಮಾರು 4 ಮಿ.ಮೀ., ಬಿಟ್ಟ ಮೇಲೆ ವಾಪಸ್ ಬಂತು. ಬ್ರಾಕೆಟ್ ಆಟವನ್ನೇ ಬದಲಾಯಿಸಿತು ಅಂತ ಖುಷಿಯಾಯಿತು. ಆದರೆ ಮೂರು ವಾರ ವೈಸ್ ಬಳಸಿದ ಮೇಲೆ ಆ ಮೂಲೆಯ ಎರಡು ಬೋಲ್ಟ್ ಸಡಿಲ ಸಿಕ್ಕಿದವು. ಬಿಚ್ಚಿದಾಗ ಸ್ಲಾಟಿನ ತುಟಿಯ ಒಳಮೈಯಲ್ಲಿ ಹ್ಯಾಮರ್ ನಟ್ಟಿನ ಅಂಚು ಕಚ್ಚಿದ ಗುರುತು ಇತ್ತು. ಈ ನಟ್ ತುಟಿಗೆ ತಾಗುವ ಜಾಗ ಕಡಿಮೆ. ಒತ್ತಡವೆಲ್ಲ ಸಣ್ಣ ಜಾಗದಲ್ಲಿ ಬಿದ್ದು ಮೆದು ಅಲ್ಯೂಮಿನಿಯಂ ತಗ್ಗುತ್ತದೆ. ತಗ್ಗಿದಷ್ಟೂ ಬೋಲ್ಟಿನ ಬಿಗಿ ಇಳಿಯುತ್ತದೆ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ನನ್ನ ವಿನ್ಯಾಸದಲ್ಲಿ ಅಡ್ಡಪಟ್ಟಿ ಕಾಲಿನ ಮೇಲೆ ಕೂತಿಲ್ಲ, ಕಾಲಿನ ಪಕ್ಕಕ್ಕೆ ಅಂಟಿಕೊಂಡಿದೆ. ಮೇಲಿನ ಭಾರವನ್ನೆಲ್ಲ ತಡೆಯೋದು ಬೋಲ್ಟ್ ಒತ್ತಿ ಹಿಡಿದ ಉಜ್ಜುವಿಕೆ ಮಾತ್ರ. ಒತ್ತು ಕಡಿಮೆಯಾದರೆ ಬ್ರಾಕೆಟ್ಟೇ ಕಾಲಿನ ಮೇಲೆ ಕೆಳಕ್ಕೆ ಜಾರಬಹುದು. ವೈಸಿನಲ್ಲಿ ಸುತ್ತಿಗೆ ಕೆಲಸ ಜಾಸ್ತಿ ಇರುವವರು ಉದ್ದದ ಅಡ್ಡಪಟ್ಟಿಗಳನ್ನು ಕಾಲಿನ ತಲೆಯ ಮೇಲೆ ಕೂರಿಸಿ. ಆಗ ಭಾರ ನೇರ ಕಾಲಿಗೆ ಇಳಿಯುತ್ತೆ. ಮತ್ತೆ ಪ್ರೊಫೈಲ್ ಕತ್ತರಿಸುವ ಹಾಗಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಮೂರನೇ ಸಲ, ಅದೇ ಬ್ರಾಕೆಟ್, ಸ್ಲೈಡ್ ನಟ್. ಉದ್ದನೆಯ, ದಪ್ಪನೆಯ ಉಕ್ಕಿನ ನಟ್. ಪ್ರೊಫೈಲಿನ ತುದಿಯಿಂದಲೇ ತೂರಿಸಬೇಕು. ಎರಡೂ ತುಟಿಗಳಿಗೆ ಉದ್ದಕ್ಕೂ ತಾಗಿ ಕೂರುತ್ತದೆ. ಬಿಗಿ ಮಾಡುವಾಗ ಕೈಗೆ ಗೊತ್ತಾಗುತ್ತೆ. ಹ್ಯಾಮರ್ ನಟ್ಟಿನಲ್ಲಿ ಬಿಗಿ ಮೆಲ್ಲಗೆ ಜಗ್ಗುತ್ತಾ ಏರುತ್ತಿತ್ತು, ಇದರಲ್ಲಿ ಒಂದೇ ಸಲಕ್ಕೆ ಕಲ್ಲಿನ ಹಾಗೆ ನಿಂತಿತು. ವಾಲಿದ್ದು ಅಷ್ಟೇ 4 ಮಿ.ಮೀ. ಆದರೆ ಒಂದು ತಿಂಗಳ ನಂತರ ರೆಂಚ್ ಹಾಕಿ ನೋಡಿದಾಗ ಒಂದು ಬೋಲ್ಟೂ ಕದಲಲಿಲ್ಲ.

ಇದರ ಕಷ್ಟ ಬೇರೆ ಥರದ್ದು. ಅಡ್ಡಪಟ್ಟಿಯ ಎರಡೂ ತುದಿಗೆ ಕಾಲು ಬಂದು ಕೂತ ಮೇಲೆ ಅದರ ಸ್ಲಾಟ್ ಮುಚ್ಚಿಹೋಗುತ್ತದೆ. ಕಾಲಿನಲ್ಲೂ ಮೇಲಿನ ಅಡ್ಡಪಟ್ಟಿ ಮತ್ತು ಕೆಳಗಿನ ಅಡ್ಡಪಟ್ಟಿಯ ನಡುವಿನ ಜಾಗಕ್ಕೆ ಯಾವ ಕಡೆಯಿಂದಲೂ ನಟ್ ತೂರಿಸೋಕೆ ಆಗೋದಿಲ್ಲ. ಪ್ಲೈವುಡ್ ಹಿಡಿಯೋ ಕ್ಲಿಪ್ಪಿಗೆ ಬೇಕಾದ ನಾಲ್ಕು ನಟ್ ಮರೆತಿದ್ದೆ, ಅವು ಕೂರಬೇಕಿದ್ದ ಎರಡು ಅಡ್ಡಪಟ್ಟಿಗಳನ್ನು ಮತ್ತೆ ಕಳಚಬೇಕಾಯಿತು. ಹಾಗಾಗಿ ಕಾಗದದ ಮೇಲೆ ಪ್ರತಿ ಪ್ರೊಫೈಲಿನ ನಾಲ್ಕೂ ಮುಖ ಬರೆದು, ಯಾವ ಮುಖಕ್ಕೆ ಎಷ್ಟು ನಟ್ ಅಂತ ಗುರುತಿಸಿ. ಬ್ರಾಕೆಟ್ ಇಲ್ಲದ ಮುಖಕ್ಕೂ ಎರಡು ಹೆಚ್ಚು ಹಾಕಿಡಿ. ನಿಲ್ಲಿಸಿದ ಕಾಲಿನಲ್ಲಿ ನಟ್ ಜಾರಿ ಕೆಳಕ್ಕೆ ಬೀಳುತ್ತೆ. ಅದರ ಕೆಳಗೆ ಸ್ಲಾಟಿಗೆ ಸ್ಪಂಜಿನ ಒಂದು ಚೂರು ತುರುಕಿದರೆ ಅಲ್ಲೇ ನಿಲ್ಲುತ್ತದೆ.

ಮರೆತ ಜಾಗಕ್ಕೆ, ಆಮೇಲೆ ಹೊಳೆದ ಜಾಗಕ್ಕೆ ಸ್ಪ್ರಿಂಗ್ ಬಾಲ್ ಇರುವ ನಟ್ ಇದೆ. ಒಂದು ಬದಿ ಓರೆ ಮಾಡಿ ಮುಂದಿನಿಂದಲೇ ಸ್ಲಾಟಿಗೆ ಉರುಳಿಸಬಹುದು. ಹಿಂದಿರುವ ಸಣ್ಣ ಗುಂಡು ಸ್ಲಾಟಿನ ತಳ ಒತ್ತಿ ನಟ್ಟನ್ನು ಇಟ್ಟ ಜಾಗದಲ್ಲೇ ಹಿಡಿಯುತ್ತದೆ. ಅರ್ಧ ತಿರುಗುವ ಭಯ ಇಲ್ಲ. ಬೆಲೆ ಮೂರರಲ್ಲೂ ಇದಕ್ಕೇ ಜಾಸ್ತಿ. ನಾನು ಪವರ್ ಸ್ಟ್ರಿಪ್ಪಿಗೆ, ಮಾನಿಟರ್ ತೋಳಿಗೆ ಇದನ್ನೇ ಬಳಸಿದೆ. ಹ್ಯಾಮರ್ ನಟ್ ಈಗ ದೀಪ, ವೈರ್ ಹಿಡಿಯೋ ಕೊಕ್ಕೆ ಇಷ್ಟಕ್ಕೆ ಮಾತ್ರ.

ಯಾವ ಬ್ರಾಕೆಟ್ ಹಾಕಿದರೂ ಮಟ್ಟ ಬರೋದು ಪ್ರೊಫೈಲಿನ ಕತ್ತರಿಕೆಯಿಂದ. ನನಗೆ ಕತ್ತರಿಸಿ ಕೊಟ್ಟ ಅಂಗಡಿಯಲ್ಲಿ ಎರಡು ತುಂಡಿನ ತುದಿ ಅರ್ಧ ಮಿ.ಮೀ. ಓರೆಯಾಗಿತ್ತು. ಅರ್ಧ ಮಿ.ಮೀ. ತಾನೇ ಅನ್ನಿಸುತ್ತೆ. 40 ಮಿ.ಮೀ. ಅಗಲಕ್ಕೆ ಅರ್ಧ ಅಂದರೆ 900 ಮಿ.ಮೀ. ಕಾಲಿನ ತುದಿಯಲ್ಲಿ 11 ಮಿ.ಮೀ. ಆಗುತ್ತದೆ. ತುದಿಗೆ ಮೂಲೆಮಟ್ಟ ಇಟ್ಟು ಕಿಟಕಿ ಬೆಳಕಿಗೆ ಹಿಡಿಯಿರಿ, ಸಂದಿಯಲ್ಲಿ ಬೆಳಕು ತೂರಿದರೆ ವಾಪಸ್ ಕೊಡಿ. ಜೋಡಿಸುವಾಗ ಎಲ್ಲ ಬೋಲ್ಟ್ ಬೆರಳ ಬಿಗಿಯಲ್ಲೇ ಇರಲಿ. ನನ್ನ ಅಳತೆಯಲ್ಲಿ ಒಂದು ಅನುಕೂಲ ಇತ್ತು. 1200 ಅಗಲ, 900 ಎತ್ತರ ಅಂದರೆ ಕರ್ಣ ಸರಿಯಾಗಿ 1500. ಮುಂದಿನ ಮುಖವನ್ನು ನೆಲದ ಮೇಲೆ ಮಲಗಿಸಿ, ಎರಡೂ ಕರ್ಣ 1500 ಬರೋ ತನಕ ಮೂಲೆಗೆ ಮೆಲ್ಲಗೆ ರಬ್ಬರ್ ಸುತ್ತಿಗೆ ತಟ್ಟಿ, ಆಮೇಲಷ್ಟೇ ಬಿಗಿ ಮಾಡಿದೆ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಯಾಕಂದರೆ ಎರಕದ ಬ್ರಾಕೆಟ್ ತನ್ನ ಕಡೆಗೆ ಸ್ವಲ್ಪ ಎಳೆಯುತ್ತೆ.

ನನ್ನ ಥರ ಸರ್ಕ್ಯೂಟ್ ಬೋರ್ಡ್ ಕೆಲಸ ಮಾಡುವವರಿಗೆ ಇನ್ನೊಂದು. ಪ್ರೊಫೈಲ್ ಲೋಹ ಅಲ್ವಾ, ಒಂದು ಕಡೆ ಅರ್ಥ್ ವೈರ್ ಕಟ್ಟಿದರೆ ಸಾಕು ಅಂದುಕೊಂಡಿದ್ದೆ. ಮಲ್ಟಿಮೀಟರ್ ಇಟ್ಟು ನೋಡಿದರೆ ಬೀಪ್ ಇಲ್ಲ. ಮೇಲಿನ ಆನೊಡೈಸ್ ಪದರ ವಿದ್ಯುತ್ ಹರಿಯೋಕೆ ಬಿಡೋದಿಲ್ಲ. ಸ್ಲಾಟಿನ ತುಟಿಯನ್ನು ಒಂದು ಕಡೆ ಅರದಿಂದ ಹೊಳೆಯುವ ತನಕ ಕೆರೆದು, ಹಲ್ಲಿನ ವಾಷರ್ ಹಾಕಿ, ರಿಂಗ್ ಟರ್ಮಿನಲ್ ಬಿಗಿದೆ. ಬೇರೆ ಕಾಲುಗಳಿಗೂ ಅಡ್ಡಪಟ್ಟಿಗಳಿಗೂ ಹೀಗೇ ಒಂದೊಂದು ವೈರ್ ತುಂಡು ಎಳೆದ ಮೇಲೆ ಮೀಟರ್ ಎಲ್ಲ ಕಡೆ ಕೂಗಿತು.