ರಾಯಚೂರಿನ ಬಿಸಿಲಲ್ಲಿ ಮೂರು ಗೋಡೆ: ಮಣ್ಣಿನ ಇಟ್ಟಿಗೆ, ಫ್ಲೈ ಆ್ಯಶ್, ಹಾಲೋ ಬ್ಲಾಕ್ ಜೊತೆ ಏಳು ವರ್ಷ

ನಮ್ಮ ಮನೆ ಒಂದೇ, ಆದರೆ ಗೋಡೆಗಳು ಮೂರು ಥರ. ಮುಂದಿನ ಪಡಸಾಲೆ ಅಪ್ಪ ಕಟ್ಟಿಸಿದ್ದು, ಸುಟ್ಟ ಮಣ್ಣಿನ ಇಟ್ಟಿಗೆಯ ಒಂಬತ್ತು ಇಂಚಿನ ಗೋಡೆ. ಅದಕ್ಕೆ ಸೇರಿಸಿ ಕೆಳಗೆ ಎರಡು ಕೋಣೆಗಳನ್ನು ನಾನು ಫ್ಲೈ ಆ್ಯಶ್ ಇಟ್ಟಿಗೆಯಲ್ಲಿ ಕಟ್ಟಿಸಿದೆ. ಆ ಎರಡು ಕೋಣೆಗಳ ಮೇಲಿನ ಮಹಡಿಗೆ ಎಂಟು ಇಂಚಿನ ಹಾಲೋ ಬ್ಲಾಕ್ ಹಾಕಿದೆ. ಮೂರಕ್ಕೂ ಪಶ್ಚಿಮದ ಗೋಡೆ ಇದೆ, ಮೂರಕ್ಕೂ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ರಾಯಚೂರಿನ ಏಪ್ರಿಲ್, ಮೇ ಎಂದರೆ ಏನು ಅಂತ ಇಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ಏಳು ಬೇಸಿಗೆ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಫ್ಲೈ ಆ್ಯಶ್ ಇಟ್ಟಿಗೆ ಸುಲಭವಾಗಿ ಸಿಗಲು ಕಾರಣ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ. ಅಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಬೂದಿಗೆ ಸುಣ್ಣ, ಜಿಪ್ಸಂ, ಕ್ರಷರ್ ಪುಡಿ ಕಲಿಸಿ, ಕೆಲವು ಕಡೆ ಸುಣ್ಣದ ಬದಲು ಸಿಮೆಂಟ್ ಹಾಕಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುತ್ತಾರೆ. ಇದನ್ನು ಸುಡುವುದಿಲ್ಲ. ಗಟ್ಟಿಯಾಗುವುದೆಲ್ಲ ನೀರಿನಿಂದ, ದಿನಗಳಿಂದ. ನನಗೆ ಮೊದಲು ಪೆಟ್ಟು ಬಿದ್ದದ್ದೂ ಇಲ್ಲೇ.

ಮೊದಲ ಲೋಡ್ ಬಂದಾಗ ಇಟ್ಟಿಗೆ ನೋಡಲು ಚೆಂದ ಇತ್ತು. ಅಂಚು ಚೂಪು, ಅಳತೆ ಒಂದೇ ಸಮ. ಆದರೆ ಉಗುರಿನಿಂದ ಗೀರಿದರೆ ಪುಡಿ ಉದುರುತ್ತಿತ್ತು. ಅನುಮಾನ ಬಂದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದನ್ನು ತೂಗಿದೆ: 3.10 ಕಿಲೋ. ಬಕೆಟ್ ನೀರಿನಲ್ಲಿ 24 ಗಂಟೆ ಮುಳುಗಿಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಿದರೆ 3.75. ಅಂದರೆ ತನ್ನ ತೂಕದ ಶೇ 21ರಷ್ಟು ನೀರು ಕುಡಿದಿತ್ತು. ಭಾರತೀಯ ಮಾನಕದ ಪ್ರಕಾರ ಇದು ಶೇ 20 ದಾಟಬಾರದು. ವಿಚಾರಿಸಿದಾಗ ಗೊತ್ತಾಯಿತು, ಆ ಇಟ್ಟಿಗೆ ಅಚ್ಚಿನಿಂದ ಹೊರಬಂದು ಒಂದು ವಾರವೂ ಆಗಿರಲಿಲ್ಲ. ಲೋಡ್ ವಾಪಸ್ ಕಳಿಸಿದೆ. ಎರಡನೆಯ ಸಲ ತಿಂಗಳು ತುಂಬಿದ ಇಟ್ಟಿಗೆಯನ್ನೇ ಕೇಳಿ ತರಿಸಿದೆ. ಅದು ಒಣಗಿದಾಗ 3.15, ನೆನೆದಾಗ 3.55, ಸುಮಾರು ಶೇ 13. ಅಪ್ಪನ ಕಾಲದ ಉಳಿದ ಮಣ್ಣಿನ ಇಟ್ಟಿಗೆಗಳು ಹಿತ್ತಲಲ್ಲಿ ಬಿದ್ದಿದ್ದವು, ಅವನ್ನೂ ತೂಗಿದೆ, ಶೇ 18 ಬಂತು. ಹಾಲೋ ಬ್ಲಾಕ್ 18 ಕಿಲೋದಿಂದ 19.3ಕ್ಕೆ ಏರಿತು, ಶೇ 7ರ ಆಸುಪಾಸು. ಬ್ಲಾಕ್‌ಗೆ ಮಿತಿ ಶೇ 10. ಇಟ್ಟಿಗೆ ಕೊಳ್ಳುವವರು ಬೇರೇನೂ ಮಾಡದಿದ್ದರೂ ಲೋಡ್‌ನ ಬೇರೆ ಬೇರೆ ಕಡೆಯಿಂದ ನಾಲ್ಕೈದು ತೆಗೆದು ಈ ಒಂದು ಪರೀಕ್ಷೆ ಮಾಡಲೇಬೇಕು. ಬಕೆಟ್ ಮತ್ತು ತಕ್ಕಡಿ ಸಾಕು.

ಇನ್ನು ಗಟ್ಟಿತನ. ಮೂರನ್ನೂ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ಗೆ ಕೊಟ್ಟು ಒತ್ತಿಸಿದೆ. ಮಣ್ಣಿನ ಇಟ್ಟಿಗೆ ಚದರ ಮಿಲಿಮೀಟರಿಗೆ ಸರಾಸರಿ 4 ನ್ಯೂಟನ್ ತಡೆಯಿತು, ಎರಡನೆಯ ಲೋಡ್‌ನ ಫ್ಲೈ ಆ್ಯಶ್ ಸುಮಾರು 8, ಹಾಲೋ ಬ್ಲಾಕ್ 4.6. ಈ ಅಂಕಿ ನೋಡಿದರೆ ಫ್ಲೈ ಆ್ಯಶ್ ಎರಡು ಪಟ್ಟು ಗಟ್ಟಿ, ಮಾರುವವರೂ ಹಾಗೇ ಹೇಳುತ್ತಾರೆ. ಆದರೆ ನನ್ನ ಗೋಡೆಗೆ ಬೇಕಾದದ್ದು ಎಷ್ಟು ಎಂದು ಲೆಕ್ಕ ಹಾಕಿದರೆ ಮಾತು ಬದಲಾಗುತ್ತದೆ.

ಕೆಳಗಿನ ಹೊರಗೋಡೆಯ ಒಂದು ಮೀಟರ್ ಉದ್ದ ತೆಗೆದುಕೊಳ್ಳಿ. ಹನ್ನೆರಡು ಅಡಿ ಅಗಲದ ಕೋಣೆಯಾದರೆ ಪ್ರತಿ ಸ್ಲ್ಯಾಬ್‌ನ ಅರ್ಧ ಭಾರ ಈ ಗೋಡೆಗೆ ಬರುತ್ತದೆ. ಸ್ಲ್ಯಾಬ್, ನೆಲದ ಹಾಸು, ಜನ, ಸಾಮಾನು ಸೇರಿ ಒಂದು ಮಹಡಿಯಿಂದ ಸುಮಾರು ಒಂದು ಟನ್ ಚಿಲ್ಲರೆ, ಎರಡಕ್ಕೆ ಎರಡು ಟನ್‌ಗಿಂತ ತುಸು ಹೆಚ್ಚು. ಎರಡು ಮಹಡಿಯ ಗೋಡೆಯ ಸ್ವಂತ ಭಾರ, ಎರಡೂ ಇಟ್ಟಿಗೆಯದೇ ಎಂದು ಹಿಡಿದರೂ, ಇನ್ನೊಂದು ಎರಡೂ ಮುಕ್ಕಾಲು ಟನ್. ಒಟ್ಟು ಐದು ಟನ್. ಅದನ್ನು ಹೊರುವ ಗೋಡೆಯ ಅಗಲ 230 ಮಿಲಿಮೀಟರ್. ಭಾಗಿಸಿದರೆ ಚದರ ಮಿಲಿಮೀಟರಿಗೆ 0.22 ನ್ಯೂಟನ್ ಮಾತ್ರ. ಬರೀ 3.5 ನ್ಯೂಟನ್‌ನ ಇಟ್ಟಿಗೆಯನ್ನು ಒಳ್ಳೆಯ ಗಾರೆಯಲ್ಲಿ ಕಟ್ಟಿದರೂ ಗೋಡೆಗೆ ಮಾನಕ ಸುಮಾರು 0.35ರವರೆಗೆ ಬಿಡುತ್ತದೆ. ಗೋಡೆಯ ಎತ್ತರಕ್ಕೆ ಅಂತ ಸ್ವಲ್ಪ ಕಳೆದರೂ 0.3 ಉಳಿಯುತ್ತದೆ. ಅಂದರೆ ಎರಡು ಮಹಡಿಯ ಮನೆಗೆ ಮೂರೂ ಸಾಕು. ಮೂರನೆಯ ಮಹಡಿ ಹತ್ತಿಸುವ ಯೋಚನೆ ಇದ್ದವರು ಮಾತ್ರ ಫ್ಲೈ ಆ್ಯಶ್‌ನ ಹೆಚ್ಚಿನ ಗಟ್ಟಿತನವನ್ನು ಗಣನೆಗೆ ತೆಗೆದುಕೊಳ್ಳಬೇಕು, ಅದೂ ಎಂಜಿನಿಯರನ್ನು ಕೇಳಿ. ಪಿಲ್ಲರ್ ಮೇಲೆ ನಿಂತ ಮನೆಯಾದರೆ ಗೋಡೆ ಹೊರುವುದೇ ತನ್ನ ಭಾರವನ್ನಷ್ಟೇ.

ಹಾಲೋ ಬ್ಲಾಕ್‌ನ ಬಲಹೀನತೆ ಒಟ್ಟು ಭಾರದಲ್ಲಿ ಇಲ್ಲ, ಒಂದೇ ಜಾಗದಲ್ಲಿ ಬೀಳುವ ಭಾರದಲ್ಲಿದೆ. ಮೇಲಿನ ಬಚ್ಚಲಲ್ಲಿ 15 ಲೀಟರಿನ ಗೀಸರ್ ಹಾಕಿಸಿದ್ದೆವು. ಎರಡನೆಯ ವರ್ಷ ಅದರ ಒಂದು ಬದಿ ಬೆರಳಗಲ ಕೆಳಗೆ ಜಗ್ಗಿತ್ತು. ಇಳಿಸಿ ನೋಡಿದರೆ ಡ್ರಿಲ್ ತೂತು ಬ್ಲಾಕ್‌ನ ಪೊಳ್ಳಿಗೆ ಹೋಗಿತ್ತು. ಸ್ಕ್ರೂ ಹಿಡಿದಿದ್ದು ಮುಂದಿನ ಒಂದೂಕಾಲು ಇಂಚಿನ ತೆಳು ಗೋಡೆಯನ್ನು ಮಾತ್ರ, ಪ್ಲಗ್‌ನ ಬಾಲ ಗಾಳಿಯಲ್ಲಿತ್ತು. ಆ ಜಾಗದ ಬ್ಲಾಕ್‌ಗಳ ಮುಖ ಒಡೆದು, ಒಳಗೆ ಸಣ್ಣ ಜಲ್ಲಿ ಕಾಂಕ್ರೀಟ್ ತುಂಬಿ, ವಾರ ಬಿಟ್ಟು ಮತ್ತೆ ತೂಗುಹಾಕಿದೆವು. ಅಲ್ಲಿಂದ ಇಲ್ಲಿಯವರೆಗೆ ಅಲ್ಲಾಡಿಲ್ಲ. ಗೀಸರ್, ಟಿ.ವಿ., ಕಪಾಟು ಎಲ್ಲಿ ಬರುತ್ತವೆ ಎಂದು ಗೋಡೆ ಏಳುವಾಗಲೇ ಗುರುತು ಮಾಡಿ ಅಲ್ಲಿ ಸಾಲಿಡ್ ಬ್ಲಾಕ್ ಇಡಿಸಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಬೀಮ್ ಕೂರುವ ಜಾಗ, ಸ್ಲ್ಯಾಬ್‌ನ ಕೆಳಗಿನ ಕೊನೆಯ ಸಾಲು, ಇವೂ ಪೊಳ್ಳಾಗಿ ಇರಕೂಡದು.

ಅದೇ ಮಹಡಿಯಲ್ಲಿ ಬಿರುಕೂ ಬಂತು. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು, ಉದ್ದ ಗೋಡೆಯ ನಡುವೆ ನೆಟ್ಟಗೆ ಒಂದು, ಎರಡೂ ಕೂದಲೆಳೆಯಂಥವು. ಇದಕ್ಕೆ ಕಾರಣ ಬ್ಲಾಕ್ ಅಲ್ಲ, ನಾವು ಅದನ್ನು ಇಟ್ಟಿಗೆಯಂತೆ ನಡೆಸಿಕೊಂಡಿದ್ದು. ಮೇಸ್ತ್ರಿ ಪೈಪ್ ಹಿಡಿದು ಬ್ಲಾಕ್ ರಾಶಿಗೆ ನೀರು ಬಿಡುತ್ತಿದ್ದರು. ಬೇಡ ಎಂದದ್ದಕ್ಕೆ, “ಇಟ್ಟಂಗಿಗೆ ನೀರು ಕುಡಿಸಲಾರದ ಗ್ವಾಡಿ ಕಟ್ಟಿದ್ರ ಸಿಮೆಂಟ್ ಹಿಡಿಯಂಗಿಲ್ರೀ ಸರ” ಅಂದರು. ಮಣ್ಣಿನ ಇಟ್ಟಿಗೆಗೆ ಅವರ ಮಾತು ನೂರಕ್ಕೆ ನೂರು ಸರಿ. ಅದು ಗುಳ್ಳೆ ಬರುವುದು ನಿಲ್ಲುವವರೆಗೂ ನೆನೆಯಬೇಕು, ಇಲ್ಲದಿದ್ದರೆ ಗಾರೆಯ ನೀರನ್ನು ಹೀರಿಬಿಡುತ್ತದೆ. ಫ್ಲೈ ಆ್ಯಶ್‌ಗೆ ಕಟ್ಟುವ ಮುಂಚೆ ಮೈ ಒದ್ದೆ ಮಾಡಿದರೆ ಸಾಕು. ಕಾಂಕ್ರೀಟ್ ಬ್ಲಾಕ್ ಮಾತ್ರ ಒದ್ದೆಯಾದಾಗ ಹಿಗ್ಗಿ ಒಣಗುವಾಗ ಕುಗ್ಗುತ್ತದೆ. ಮಾನಕ ಒಪ್ಪುವ ಗರಿಷ್ಠ ಕುಗ್ಗುವಿಕೆ ಶೇ 0.06. ಕೇಳಲು ಏನೂ ಅಲ್ಲ ಅನಿಸುತ್ತದೆ, ಆದರೆ ಹನ್ನೆರಡು ಅಡಿ ಗೋಡೆಗೆ ಅದು ಎರಡು ಮಿಲಿಮೀಟರ್ ಮೀರುತ್ತದೆ. ಆ ಎರಡು ಮಿಲಿಮೀಟರ್ ಗೋಡೆ ಎದ್ದ ಮೇಲೆ ಕುಗ್ಗಿದರೆ ಬಿರುಕಾಗಿಯೇ ಕಾಣುವುದು. ಬ್ಲಾಕ್ ಪೂರ್ತಿ ಕ್ಯೂರಿಂಗ್ ಆಗಿ, ಆಮೇಲೆ ಒಣಗಿ, ಒಣಗಿದ್ದಾಗಲೇ ಗೋಡೆ ಸೇರಬೇಕು. ಮಳೆಗಾಲದಲ್ಲಿ ತಾಡಪತ್ರಿ ಹೊದಿಸಬೇಕು.

ಈಗ ಸೆಖೆಯ ವಿಷಯ. ಮೊದಲ ಎರಡು ಬೇಸಿಗೆ ಮೇಲಿನ ಮಹಡಿಯಲ್ಲಿ ಮಲಗಲು ಆಗಲಿಲ್ಲ. ಫ್ಯಾನ್ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತಿತ್ತು. ಹಾಲೋ ಬ್ಲಾಕ್ ತಂಪು ಅಂತ ಹೇಳಿ ಮೋಸ ಮಾಡಿದರು ಎಂದು ಮನೆಯವರೆಲ್ಲ ಗೊಣಗಿದ್ದೆವು. ಮೂರನೆಯ ಬೇಸಿಗೆ, ಮುಖಕ್ಕೆ ಹಿಡಿದು ಜ್ವರ ನೋಡುವಂಥ ಇನ್‌ಫ್ರಾರೆಡ್ ಥರ್ಮಾಮೀಟರ್, ಆದರೆ ಗೋಡೆ, ಯಂತ್ರಗಳಿಗೆ ಬಳಸುವ ಬಗೆಯದು, ಒಂದು ತಂದೆ. ಮೇ ತಿಂಗಳ ಒಂದು ಸಂಜೆ ಏಳು ಗಂಟೆಗೆ ಮೇಲಿನ ಕೋಣೆಯ ಪಶ್ಚಿಮ ಗೋಡೆಯ ಒಳಮೈ 39 ಡಿಗ್ರಿ ತೋರಿಸಿತು, ಛತ್ತು 44. ಬೆವರಿಳಿಸುತ್ತಿದ್ದುದು ಗೋಡೆಯಲ್ಲ, ಮೇಲಿನ ಬರೀ ಸ್ಲ್ಯಾಬ್. ಸೂರ್ಯ ನೆತ್ತಿಯ ಮೇಲಿರುವ ಕಾಲದಲ್ಲಿ ಮಾಳಿಗೆಗೆ ದಿನವಿಡೀ ಬಿಸಿಲು, ಪಶ್ಚಿಮದ ಗೋಡೆಗೆ ಅರ್ಧ ದಿನ ಮಾತ್ರ. ಮಾಳಿಗೆಗೆ ಬಿಳಿ ಕೂಲ್ ರೂಫ್ ಹೆಂಚು ಹಾಕಿಸಿದ ಮೇಲೆ ಅದೇ ಹೊತ್ತಿಗೆ ಛತ್ತು 38ಕ್ಕೆ ಇಳಿಯಿತು. ಯಾವ ಇಟ್ಟಿಗೆ ಬದಲಿಸಿದರೂ ಇಷ್ಟು ವ್ಯತ್ಯಾಸ ಸಿಗುತ್ತಿರಲಿಲ್ಲ.

ಆಮೇಲೆ ಮೂರೂ ಗೋಡೆಗಳನ್ನು ಗಂಟೆಗೊಮ್ಮೆ ನೋಡಲು ಶುರು ಮಾಡಿದೆ. ನಾನು ಕಂಡುಕೊಂಡದ್ದು ಇದು: ಮೂರರಲ್ಲಿ ಯಾವುದೂ ಶಾಖವನ್ನು ನಿಜವಾಗಿ ತಡೆಯುವುದಿಲ್ಲ, ತಡ ಮಾಡುತ್ತದೆ ಅಷ್ಟೆ. ಮಣ್ಣಿನ ಗೋಡೆಯ ಒಳಮೈ ಅತಿ ಬಿಸಿಯಾಗುವುದು ರಾತ್ರಿ ಹತ್ತರ ಸುಮಾರಿಗೆ. ಫ್ಲೈ ಆ್ಯಶ್ ಗೋಡೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಎರಡರ ನಡುವೆ ಒಂದು ಡಿಗ್ರಿ ವ್ಯತ್ಯಾಸವೂ ನನಗೆ ಸಿಕ್ಕಿಲ್ಲ. ತೂಕ ಒಂದೇ, ದಪ್ಪ ಒಂದೇ, ಹಾಗಾಗಿ ಫ್ಲೈ ಆ್ಯಶ್ ತಂಪು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಲೋ ಬ್ಲಾಕ್ ಏಳೂವರೆ ಎಂಟಕ್ಕೇ ತುದಿ ಮುಟ್ಟಿ, ಹನ್ನೊಂದರ ಹೊತ್ತಿಗೆ ಆರತೊಡಗುತ್ತದೆ. ಪೊಳ್ಳಿನ ಗಾಳಿ ಸ್ವಲ್ಪ ಅಡ್ಡ ಬರುವುದು ನಿಜ. ಆದರೆ ಎರಡು ಮುಖಗಳನ್ನು ಜೋಡಿಸುವ ಕಾಂಕ್ರೀಟ್ ಅಡ್ಡಗೋಡೆಗಳ ಮೂಲಕ ಶಾಖ ಸಲೀಸಾಗಿ ಒಳಗೆ ಬರುತ್ತದೆ. ಗೋಡೆ ಹಗುರ, ಅದಕ್ಕೇ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಒಂದು ಹಾಲೋ ಬ್ಲಾಕ್ ಸುಮಾರು ಏಳು ಇಟ್ಟಿಗೆಯ ಜಾಗ ತುಂಬುತ್ತದೆ, ಆದರೆ ಏಳು ಇಟ್ಟಿಗೆ 22 ಕಿಲೋ, ಬ್ಲಾಕ್ 18.

ಇದರಿಂದ ನಮ್ಮ ಮನೆಯ ದಿನಚರಿಯೇ ಬದಲಾಯಿತು. ಅಪ್ಪನ ಮಣ್ಣಿನ ಗೋಡೆಯ ಪಡಸಾಲೆ ಮಧ್ಯಾಹ್ನ ಮೂರರವರೆಗೂ ಹಿತವಾಗಿರುತ್ತದೆ, ಹಗಲೆಲ್ಲ ಅಲ್ಲೇ. ರಾತ್ರಿ ಅದೇ ಗೋಡೆಗೆ ತಲೆ ಇಟ್ಟು ಮಲಗಿದರೆ ಒಲೆಯ ಪಕ್ಕ ಮಲಗಿದಂತೆ. ಕೆಳಗಿನ ಫ್ಲೈ ಆ್ಯಶ್ ಕೋಣೆಯಲ್ಲಿ ಮಂಚವನ್ನು ಪಶ್ಚಿಮದ ಗೋಡೆಯಿಂದ ಎಳೆದು ಪೂರ್ವಕ್ಕೆ ಹಾಕಿದೆವು. ಮಲಗಲು ಈಗ ಎಲ್ಲರೂ ಮೇಲಕ್ಕೆ ಹೋಗುತ್ತಾರೆ, ಕಿಟಕಿ ತೆರೆದಿಟ್ಟರೆ ನಡುರಾತ್ರಿಗೆ ಕೋಣೆ ಆರಿರುತ್ತದೆ.

ಫ್ಲೈ ಆ್ಯಶ್ ಗೋಡೆಯ ಬಗ್ಗೆ ಇನ್ನೊಂದು ದೂರು ಉಳಿದಿದೆ. ಅದರ ಮುಖ ನುಣುಪು, ಗಿಲಾವು ಹಿಡಿಯುವುದಿಲ್ಲ. ಸಂದುಗಳನ್ನು ಅರ್ಧ ಇಂಚು ಕೆರೆದು ಬಿಡದ ಒಂದು ಮೂಲೆಯಲ್ಲಿ ಬೆರಳಿನಿಂದ ತಟ್ಟಿದರೆ ಡಬಡಬ ಸದ್ದು ಬಂತು, ಐದನೆಯ ವರ್ಷ ತಟ್ಟೆಯಗಲ ಗಿಲಾವು ಕಳಚಿ ಬಿತ್ತು. ಕೆರೆದ ಕಡೆಗಳಲ್ಲಿ ಗಟ್ಟಿಯಾಗಿದೆ. ಅಳತೆ ಒಂದೇ ಸಮ ಇರುವುದರಿಂದ ಗಿಲಾವು ತೆಳುವಾಗಿ ಸಾಕು, ಆ ಉಳಿತಾಯ ನಿಜ. ಮಣ್ಣಿನ ಗೋಡೆಯ ಬುಡದಲ್ಲಿ ಮಾತ್ರ ಸವಳು ಬಂದು ಪ್ರತಿ ಎರಡು ವರ್ಷಕ್ಕೆ ಬಣ್ಣ ಉದುರುತ್ತದೆ.

ಅಮ್ಮನಿಗಾಗಿ ಹಿತ್ತಲಲ್ಲಿ ಈಗ ಒಂದು ಕೋಣೆ ಕಟ್ಟಿಸುತ್ತಿದ್ದೇವೆ. ಅವರು ಹಗಲೂ ಅಲ್ಲೇ ಇರುವವರು, ಹಾಗಾಗಿ ಗೋಡೆಗೆ ಫ್ಲೈ ಆ್ಯಶ್, ಪಶ್ಚಿಮಕ್ಕೆ ವರಾಂಡದ ನೆರಳು, ಮಾಳಿಗೆಗೆ ಮೊದಲ ದಿನದಿಂದಲೇ ಬಿಳಿ ಹೆಂಚು. ಇಟ್ಟಿಗೆ ಅಚ್ಚು ಹಾಕಿದ ತಾರೀಖನ್ನು ರಾಶಿಯ ಮೇಲೆ ಸುಣ್ಣದಲ್ಲಿ ಬರೆಸಿ ಬಂದಿದ್ದೇನೆ. 28 ದಿನ ಆದ ಮೇಲೆಯೇ ಲಾರಿ.