ಅನ್‌ಲಿಸ್ಟೆಡ್ ಇಡಬೇಕಾ, ಪ್ರೈವೇಟ್ ಇಡಬೇಕಾ: 62 ವಿದ್ಯಾರ್ಥಿಗಳ ಒಂದು ಕ್ಲಾಸಿನ ಲೆಕ್ಕ

ಬಾಗಲಕೋಟೆಯ ಕಾಲೇಜೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್ ಕಲಿಸುತ್ತೇನೆ. ಕ್ಲಾಸಿನಲ್ಲಿ 62 ಜನ ಇದ್ದಾರೆ. ಇಳಕಲ್, ಗುಳೇದಗುಡ್ಡ, ಬಾದಾಮಿ ಕಡೆಯಿಂದ ಬಸ್ಸಿಗೆ ಬರುವವರೇ ಜಾಸ್ತಿ. ಬಸ್ ತಪ್ಪಿದರೆ ಮೊದಲ ಪೀರಿಯಡ್ ಹೋದಂತೆಯೇ. ಅದಕ್ಕೇ ಪಾಠವನ್ನು ರೆಕಾರ್ಡ್ ಮಾಡಿ ಕೊಡಲು ಶುರು ಮಾಡಿದೆ.

ಮೊದಲ ವಿಡಿಯೊ ಹಾಕಿದ ಮಾರನೇ ದಿನ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದು ಕೇಳಿದಳು. "ಮೇಡಂ, ಈ ವಿಡಿಯೊ ಹೊರಗಿನವ್ರೂ ನೋಡ್ತಾರೇನ್ರೀ? ಅದ್ರಾಗ ನಾ ಡೌಟ್ ಕೇಳಿದ್ದು ಕೇಳಸ್ತದ, ನೀವು ನನ್ನ ಹೆಸರ ಹಿಡದ ಕರದೀರಿ." ಅವಳು ಕೇಳಿದ್ದು ಸರಿ ಇತ್ತು. ಪಾಠ ನನ್ನದಾದರೂ ದನಿ ಅವಳದು. ಆಮೇಲೆ ಒಂದು ಸೆಮಿಸ್ಟರ್ ಪೂರ್ತಿ ಮೂರು ದಾರಿಗಳನ್ನು ಒಂದೊಂದಾಗಿ ನೋಡಿದೆ: ಯೂಟ್ಯೂಬ್‌ನ Unlisted, ಯೂಟ್ಯೂಬ್‌ನ Private, ಮತ್ತು ಗೂಗಲ್ ಡ್ರೈವ್‌ನಲ್ಲಿ ಬೀಗ ಹಾಕಿದ ಫೋಲ್ಡರ್.

ಅನ್‌ಲಿಸ್ಟೆಡ್‌ನಿಂದಲೇ ಶುರು ಮಾಡಿದ್ದೆ, ಎಲ್ಲರೂ ಹಾಗೆಯೇ ಮಾಡುತ್ತಾರೆ. ಯೂಟ್ಯೂಬ್ ಸ್ಟುಡಿಯೊದಲ್ಲಿ Content ತೆರೆದು, ವಿಡಿಯೊದ ಎದುರಿಗಿನ Visibility ಒತ್ತಿ, Unlisted ಆರಿಸಿ Save ಕೊಟ್ಟರೆ ಆಯಿತು. ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಮಕ್ಕಳು ಒತ್ತಿ ನೋಡುತ್ತಾರೆ. ಲಾಗಿನ್ ಬೇಡ, ಇಮೇಲ್ ಬೇಡ. ನೆಟ್‌ವರ್ಕ್ ಕಡಿಮೆ ಇದ್ದ ಹಳ್ಳಿಯಲ್ಲೂ ಚಿತ್ರ 144p ವರೆಗೆ ಇಳಿದು, ಮಸುಕಾಗಿಯಾದರೂ ಓಡುತ್ತದೆ. ಈ ವಿಷಯದಲ್ಲಿ ಉಳಿದ ಎರಡೂ ದಾರಿಗಳು ಇದಕ್ಕೆ ಸಮ ಅಲ್ಲ.

ಆದರೆ ಅನ್‌ಲಿಸ್ಟೆಡ್ ಅಂದರೆ ಬೀಗ ಅಲ್ಲ. ಹುಡುಕಿದರೆ ಸಿಗುವುದಿಲ್ಲ, ಚಾನೆಲ್ ಪುಟದಲ್ಲಿ ಕಾಣುವುದಿಲ್ಲ, ಅಷ್ಟೇ. ಲಿಂಕ್ ಕೈಗೆ ಸಿಕ್ಕವರು ಯಾರೇ ಆಗಲಿ ನೋಡಬಹುದು, ಮುಂದೆ ಕಳಿಸಲೂಬಹುದು. ಮನೆ ಬಾಗಿಲು ತೆರೆದಿಟ್ಟು ವಿಳಾಸ ಮಾತ್ರ ಹೇಳದೆ ಇದ್ದ ಹಾಗೆ.

ನನ್ನ ಕ್ಲಾಸಿನಲ್ಲಿ ಆಗಿದ್ದೂ ಅದೇ. ಮಾರ್ಜಿನಲ್ ಕಾಸ್ಟಿಂಗ್ ಪಾಠ, 48 ನಿಮಿಷದ್ದು. ಸೋಮವಾರ ಹಾಕಿದೆ. ಗುರುವಾರ ನೋಡಿದರೆ 240 ವ್ಯೂಸ್ ದಾಟಿತ್ತು. 62 ಮಕ್ಕಳು ಎರಡೆರಡು ಸಲ ನೋಡಿದ್ದರೂ ಅಷ್ಟು ಆಗುವುದಿಲ್ಲ ಅಲ್ವಾ? ಸ್ಟುಡಿಯೊದ Analytics ನಲ್ಲಿ ಜನ ಎಲ್ಲಿಂದ ಬಂದರು ಅನ್ನುವ Traffic source ಪಟ್ಟಿ ಇರುತ್ತದೆ. ಅದರಲ್ಲಿ ಪ್ಲೇಲಿಸ್ಟ್‌ನಿಂದ ಬಂದವರೂ ಇದ್ದರು. ನಾನು ಯಾವ ಪ್ಲೇಲಿಸ್ಟೂ ಮಾಡಿರಲಿಲ್ಲ. ಕ್ಲಾಸಿನಲ್ಲಿ ಕೇಳಿದಾಗ ಒಬ್ಬ ಹುಡುಗ ಎದ್ದು ನಿಂತ. ಬೇರೆ ಕಾಲೇಜಿನಲ್ಲಿರುವ ಅಣ್ಣನಿಗೆ ಲಿಂಕ್ ಕಳಿಸಿದ್ದನಂತೆ. ಆ ಅಣ್ಣ ಪರೀಕ್ಷೆಗೆ ಅಂತ ಮಾಡಿಕೊಂಡಿದ್ದ ತನ್ನ ಪ್ಲೇಲಿಸ್ಟಿಗೆ ಅದನ್ನು ಸೇರಿಸಿದ್ದ. ಅನ್‌ಲಿಸ್ಟೆಡ್ ವಿಡಿಯೊವನ್ನು ಯಾರು ಬೇಕಾದರೂ ತಮ್ಮ ಪ್ಲೇಲಿಸ್ಟಿಗೆ ಹಾಕಿಕೊಳ್ಳಬಹುದು. ಆ ಪ್ಲೇಲಿಸ್ಟ್ ಎಲ್ಲರಿಗೂ ಕಾಣುವಂಥದ್ದಾದರೆ ನಮ್ಮ ವಿಡಿಯೊ ಕೂಡ ಎಲ್ಲರಿಗೂ ಕಂಡಂತೆಯೇ. ಹುಡುಗರು ಕೆಟ್ಟ ಉದ್ದೇಶದಿಂದ ಏನೂ ಮಾಡಿರಲಿಲ್ಲ. ಬೀಗ ಇಲ್ಲದ್ದು ನನ್ನ ಕಡೆ.

ತಕ್ಷಣ ವಿಡಿಯೊವನ್ನು Private ಮಾಡಿದೆ. ಆ ಗಳಿಗೆಗೆ ಎಲ್ಲ ಕಡೆಯೂ ನಿಂತುಹೋಯಿತು, ನನ್ನ ಮಕ್ಕಳಿಗೂ ಸೇರಿ. ಮತ್ತೆ Unlisted ಮಾಡಿದರೆ ಹಳೆಯ ಲಿಂಕೇ ಜೀವ ಪಡೆಯುತ್ತದೆ, ಅಣ್ಣನ ಪ್ಲೇಲಿಸ್ಟಿನಲ್ಲೂ ಮತ್ತೆ ಓಡುತ್ತದೆ. ಇದ್ದ ವಿಡಿಯೊಗೆ ಹೊಸ ಲಿಂಕ್ ಕೊಡುವ ವ್ಯವಸ್ಥೆ ಯೂಟ್ಯೂಬ್‌ನಲ್ಲಿ ಇಲ್ಲ. ಹೊಸ ಲಿಂಕ್ ಬೇಕೆಂದರೆ ಹೊಸದಾಗಿ ಅಪ್‌ಲೋಡ್ ಮಾಡಲೇಬೇಕು.

ಇನ್ನೊಂದನ್ನು ಆಗಲೇ ಗಮನಿಸಿದೆ. ಅನ್‌ಲಿಸ್ಟೆಡ್ ಲಿಂಕನ್ನು ವಾಟ್ಸಾಪ್‌ನಲ್ಲಿ ಹಾಕಿದರೆ ಶೀರ್ಷಿಕೆಯೂ ಚಿತ್ರವೂ ಅಲ್ಲೇ ಕಾಣುತ್ತವೆ. ಶೀರ್ಷಿಕೆಯಲ್ಲಿ ಕಾಲೇಜಿನ ಹೆಸರು, ಸೆಕ್ಷನ್, ತಾರೀಖು ಎಲ್ಲಾ ಬರೆದಿದ್ದೆ. ಈಗ "ಪಾಠ 7" ಅಂತ ಮಾತ್ರ ಬರೆಯುತ್ತೇನೆ.

ಮುಂದಿನ ಎರಡು ವಾರ ಪ್ರೈವೇಟ್. ಇದು ನಿಜವಾದ ಬೀಗ. Visibility ಯಲ್ಲಿ Private ಆರಿಸಿದರೆ Share privately ಅಂತ ಬರುತ್ತದೆ. ಅಲ್ಲಿ ಮಕ್ಕಳ ಇಮೇಲ್ ವಿಳಾಸ ಹಾಕಿ ಉಳಿಸಬೇಕು. ಆ ಪಟ್ಟಿಯಲ್ಲಿ ಇಲ್ಲದವರ ಕೈಗೆ ಲಿಂಕ್ ಸಿಕ್ಕರೂ ವಿಡಿಯೊ ತೆರೆಯುವುದಿಲ್ಲ. ನಮ್ಮನೆಯವರ ಫೋನಿನಲ್ಲಿ ಒಮ್ಮೆ, ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ಒತ್ತಿ ನೋಡಿದೆ. ಎರಡು ಕಡೆಯೂ ವಿಡಿಯೊ ಪ್ರೈವೇಟ್ ಅಂತ ಹೇಳಿ ನಿಂತಿತು. ಸುಮ್ನೆ ಸೆಟ್ಟಿಂಗ್ ಬದಲಿಸಿ ನಂಬಿಕೊಂಡು ಕೂರಬೇಡಿ, ಈ ಪರೀಕ್ಷೆಯನ್ನು ಪ್ರತಿ ಸಲ ಮಾಡಿ. ಒಂದು ನಿಮಿಷವೂ ಬೇಕಾಗುವುದಿಲ್ಲ.

ತೊಂದರೆ ಬಂದಿದ್ದು ಎಣಿಕೆಯಲ್ಲಿ. ಒಂದು ಪ್ರೈವೇಟ್ ವಿಡಿಯೊಗೆ 50 ಜನರನ್ನು ಮಾತ್ರ ಕರೆಯಬಹುದು. ನನ್ನವರು 62. ಅದೇ ವಿಡಿಯೊವನ್ನು ಎರಡು ಸಲ ಅಪ್‌ಲೋಡ್ ಮಾಡಿ, ಹಾಜರಿ ಪುಸ್ತಕದ ಮೊದಲ 31 ಜನಕ್ಕೆ ಒಂದು, ಉಳಿದ 31 ಜನಕ್ಕೆ ಇನ್ನೊಂದು ಮಾಡಿ ಕೊಟ್ಟೆ. ಕೆಲಸ ಆಯಿತು. ಆದರೆ ಪ್ರತಿ ಪಾಠಕ್ಕೂ ಎರಡು ಅಪ್‌ಲೋಡ್, ಎರಡು ಪಟ್ಟಿ, ಎರಡು ಲಿಂಕ್. ಪ್ರೈವೇಟ್ ವಿಡಿಯೊದಲ್ಲಿ ಕಮೆಂಟ್ ಹಾಕಲೂ ಬರುವುದಿಲ್ಲ. ಹಾಗಾಗಿ ಅವರ ಡೌಟುಗಳೆಲ್ಲ ಮತ್ತೆ ವಾಟ್ಸಾಪ್‌ಗೇ ಬಂದವು.

ಇನ್ನೂ ದೊಡ್ಡ ತೊಂದರೆ ಇಮೇಲ್‌ನದು. ಪ್ರೈವೇಟ್ ವಿಡಿಯೊ ನೋಡಲು ನಾನು ಯಾವ ವಿಳಾಸಕ್ಕೆ ಕೊಟ್ಟಿದ್ದೇನೋ ಅದೇ ಅಕೌಂಟಿನಲ್ಲಿ ಲಾಗಿನ್ ಆಗಿರಬೇಕು. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಮನೆಯ ಫೋನಿನಲ್ಲಿ ನೋಡುತ್ತಾರೆ. ಗುಳೇದಗುಡ್ಡದ ಹುಡುಗಿ ಒಬ್ಬಳು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದಳು. "ಮೇಡಂ, ವಿಡಿಯೊ ಪ್ರೈವೇಟ್ ಐತಿ ಅಂತ ಬರಾಕತ್ತೈತ್ರೀ. ಹೆಸರ ಕೊಟ್ಟೀನಲ್ರೀ ನಾನು?" ಕೇಳಿದೆ, "ಯಾರ ಫೋನವ್ವಾ ಅದು?" "ಅಪ್ಪಾರದ್ರೀ." ಯೂಟ್ಯೂಬ್ ಆ್ಯಪ್‌ನಲ್ಲಿ ಅಪ್ಪನ ಅಕೌಂಟ್ ಇತ್ತು. ಮೇಲಿನ ಫೋಟೊ ಒತ್ತಿ, ತನ್ನ ಅಕೌಂಟ್ ಸೇರಿಸಿ, ಅದಕ್ಕೆ ಬದಲಾಯಿಸಿಕೊಳ್ಳಲು ಫೋನಿನಲ್ಲೇ ಹೇಳಿಕೊಟ್ಟೆ. ಐದೇ ನಿಮಿಷಕ್ಕೆ ತೆರೆಯಿತು. ಆ ವಾರ ಇಂಥ ಫೋನ್ ಒಂಬತ್ತು ಬಂದವು. ಆರು ಜನರದ್ದು ಇದೇ ಕಥೆ. ಉಳಿದ ಮೂವರು ಬರೆದುಕೊಟ್ಟ ವಿಳಾಸದಲ್ಲೇ ಅಕ್ಷರ ತಪ್ಪಿತ್ತು.

ಇದನ್ನು ತಪ್ಪಿಸಲು ಚೀಟಿಯಲ್ಲಿ ಇಮೇಲ್ ಬರೆಸಿಕೊಳ್ಳುವುದನ್ನು ಬಿಟ್ಟೆ. ಪ್ರತಿಯೊಬ್ಬರೂ ತಮ್ಮ ಅಕೌಂಟಿನಿಂದ ನನಗೆ ಒಂದು ಖಾಲಿ ಮೇಲ್ ಕಳಿಸಲಿ ಅಂದೆ. ಬಂದ ಮೇಲ್‌ನಿಂದ ವಿಳಾಸವನ್ನು ಕಾಪಿ ಮಾಡಿಕೊಂಡರೆ ಅಕ್ಷರ ತಪ್ಪುವ ಮಾತೇ ಇಲ್ಲ. ತಮ್ಮ ಅಕೌಂಟ್ ಯಾವುದು ಅಂತ ಅವರಿಗೂ ಗೊತ್ತಾಗುತ್ತದೆ.

ಮೂರನೆಯದು ಡ್ರೈವ್. ಮೊದಲು ಗೂಗಲ್ ಗ್ರೂಪ್ಸ್‌ನಲ್ಲಿ ಕ್ಲಾಸಿಗೆ ಅಂತ ಒಂದು ಗುಂಪು ಮಾಡಿ 62 ಜನಕ್ಕೂ ಆಹ್ವಾನ ಕಳಿಸಿದೆ. ಕೆಲವರಿಗೆ ಅದು ಸ್ಪ್ಯಾಮ್‌ಗೆ ಹೋಗಿತ್ತು. ಎಲ್ಲರೂ ಸೇರಲು ನಾಲ್ಕು ದಿನ ಹಿಡಿಯಿತು. ಆಮೇಲೆ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, Share ಒತ್ತಿ, ಗುಂಪಿನ ವಿಳಾಸ ಒಂದನ್ನೇ ಹಾಕಿ Viewer ಮಾಡಿದೆ. ಕೆಳಗಿನ General access ಅನ್ನು Restricted ನಲ್ಲೇ ಬಿಟ್ಟೆ. ಅಷ್ಟೇ. ಇನ್ನು ಫೋಲ್ಡರಿಗೆ ಹಾಕಿದ ವಿಡಿಯೊವೆಲ್ಲ ಆ 62 ಜನಕ್ಕೆ ತಾನಾಗಿ ತೆರೆಯುತ್ತದೆ. 50ರ ಮಿತಿ ಇಲ್ಲಿ ಅಡ್ಡ ಬರುವುದಿಲ್ಲ.

ಇಲ್ಲಿ ಬೀಗ ಎರಡು ಕಡೆ ಇದೆ ಅನ್ನುವುದನ್ನು ಮರೆಯಬಾರದು. ಫೋಲ್ಡರ್ ಭದ್ರವಾಗಿದ್ದು ಗುಂಪಿನ ಬಾಗಿಲು ತೆರೆದಿದ್ದರೆ, ಹೊರಗಿನವರು ಗುಂಪಿಗೆ ಸೇರಿ ಒಳಗೆ ಬಂದುಬಿಡುತ್ತಾರೆ. ಗುಂಪಿನ ಸೆಟ್ಟಿಂಗ್ಸ್‌ನಲ್ಲಿ Who can join group ಎಂಬಲ್ಲಿ Only invited users ಇರಲೇಬೇಕು. ಸದಸ್ಯರ ಪಟ್ಟಿಯನ್ನು ಯಾರು ನೋಡಬಹುದು ಅನ್ನುವಲ್ಲಿ ಗುಂಪು ನಡೆಸುವವರಿಗೆ ಮಾತ್ರ ಅಂತ ಇಟ್ಟೆ. ಹುಡುಗಿಯರ ಇಮೇಲ್ ವಿಳಾಸ ಕ್ಲಾಸಿಗೆಲ್ಲ ಕಾಣುವುದು ಬೇಡ.

ನನಗೆ ಬಹಳ ಹಿಡಿಸಿದ್ದು ಬೇರೆ ಒಂದು. ಅನುಮತಿ ಇಲ್ಲದವರು ಲಿಂಕ್ ಒತ್ತಿದರೆ Request access ಅನ್ನುವ ಗುಂಡಿ ಬರುತ್ತದೆ. ಅದನ್ನು ಒತ್ತಿದರೆ ಅವರ ವಿಳಾಸದ ಸಮೇತ ನನಗೆ ಮೇಲ್ ಬರುತ್ತದೆ. ಹೀಗೆ ಮೂರು ಮೇಲ್ ಬಂದವು. ಎರಡು ಅಪರಿಚಿತರದ್ದು, ಒಂದು ನಮ್ಮದೇ ವಿದ್ಯಾರ್ಥಿಯ ಎರಡನೇ ಅಕೌಂಟ್. ಲಿಂಕ್ ಹೊರಗೆ ಹೋಗಿದೆ ಅನ್ನುವುದು ಗೊತ್ತಾಯಿತು, ವಿಡಿಯೊ ಮಾತ್ರ ಹೋಗಲಿಲ್ಲ. ಅನ್‌ಲಿಸ್ಟೆಡ್‌ನಲ್ಲಿ ಇದು ಗೊತ್ತಾಗುವ ಹೊತ್ತಿಗೆ ಎಲ್ಲಾ ಮುಗಿದಿರುತ್ತದೆ.

ಡ್ರೈವ್‌ನ ಕೊರತೆಗಳೂ ಇವೆ. ಅಪ್‌ಲೋಡ್ ಆದ ಕೂಡಲೇ ವಿಡಿಯೊ ಓಡುವುದಿಲ್ಲ, ಒಳಗೆ ಪ್ರೊಸೆಸ್ ಆಗಬೇಕು. ಹಾಗಾಗಿ ರಾತ್ರಿ ಹಾಕಿ ಬೆಳಿಗ್ಗೆ ಹೇಳುತ್ತೇನೆ. ಉಚಿತವಾಗಿ ಸಿಗುವುದು 15 ಜಿಬಿ ಮಾತ್ರ, ಅದೂ ಜಿಮೇಲ್ ಮತ್ತು ಫೋಟೊಗಳ ಜೊತೆ ಹಂಚಿಕೊಂಡು. ಸ್ಕ್ರೀನ್ ರೆಕಾರ್ಡಿಂಗ್ ಆದ್ದರಿಂದ ನನ್ನ ಒಂದು ಪಾಠ ಸುಮಾರು 350 ಎಂಬಿ ಬರುತ್ತದೆ, ಸೆಮಿಸ್ಟರಿಗೆ ಸಾಕಾಗುತ್ತದೆ. ಕ್ಯಾಮೆರಾದಲ್ಲಿ ತೆಗೆಯುವವರಿಗೆ ಬೇಗ ತುಂಬುತ್ತದೆ. ಇನ್ನು ನೆಟ್‌ವರ್ಕ್ ಕಡಿಮೆ ಇದ್ದಲ್ಲಿ ಡ್ರೈವ್ ನಿಂತು ನಿಂತು ಓಡುತ್ತದೆ. ಬಾದಾಮಿ ಕಡೆಯ ಹಳ್ಳಿಯ ಇಬ್ಬರು ಇದರಿಂದ ಕಷ್ಟಪಟ್ಟರು. ಅವರು ಕಾಲೇಜಿನ ಲೈಬ್ರರಿಯಲ್ಲಿ ನೋಡುತ್ತಿದ್ದರು.

ಡೌನ್‌ಲೋಡ್ ಆಯ್ಕೆಯನ್ನು ಶೇರ್ ಸೆಟ್ಟಿಂಗ್‌ನಲ್ಲಿ ತೆಗೆಯಬಹುದು, ತೆಗೆದಿದ್ದೇನೆ. ಆದರೂ ನೋಡಲು ಅನುಮತಿ ಇದ್ದವರು ಪರದೆಯನ್ನೇ ರೆಕಾರ್ಡ್ ಮಾಡಿಕೊಂಡರೆ ಮೂರರಲ್ಲಿ ಯಾವ ದಾರಿಯೂ ತಡೆಯುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ನೇರವಾಗಿ ಹೇಳಿದೆ.

ಈಗ ನಾನು ರೆಕಾರ್ಡಿಂಗನ್ನು ಎರಡು ತುಂಡು ಮಾಡುತ್ತೇನೆ. ಲೆಕ್ಕ ಬಿಡಿಸುವ ಭಾಗದಲ್ಲಿ ನನ್ನ ದನಿ ಮಾತ್ರ ಇರುತ್ತದೆ. ಅದು ಅನ್‌ಲಿಸ್ಟೆಡ್, ಹೊರಗೆ ಹೋದರೂ ಯಾರಿಗೂ ನೋವಿಲ್ಲ. ಹಳ್ಳಿಯ ಮಕ್ಕಳಿಗೂ ಸಲೀಸಾಗಿ ಓಡುತ್ತದೆ. ಡೌಟ್ ಕೇಳುವ ಭಾಗ ಮತ್ತು ಟೆಸ್ಟ್ ಪೇಪರ್ ಚರ್ಚೆ ಡ್ರೈವ್ ಫೋಲ್ಡರಿಗೆ. ಪ್ರೈವೇಟನ್ನು 50ಕ್ಕಿಂತ ಕಡಿಮೆ ಜನರ ಕ್ಲಾಸಿದ್ದವರು ಧೈರ್ಯವಾಗಿ ಬಳಸಬಹುದು. ನಮ್ಮಲ್ಲೇ 28 ಮಕ್ಕಳ ಎಂ.ಕಾಂ. ಕ್ಲಾಸಿಗೆ ಸಹೋದ್ಯೋಗಿಯೊಬ್ಬರು ಅದನ್ನೇ ಇಟ್ಟುಕೊಂಡಿದ್ದಾರೆ, ಚೆನ್ನಾಗಿ ನಡೆದಿದೆ.

ಸ್ಟುಡಿಯೊದ Settings ನಲ್ಲಿ Upload defaults ತೆರೆದು Visibility ಯನ್ನು Private ಮಾಡಿಟ್ಟಿದ್ದೇನೆ. ಅವಸರದಲ್ಲಿ ಅಪ್‌ಲೋಡ್ ಮಾಡಿದರೂ ವಿಡಿಯೊ ಮುಚ್ಚಿಕೊಂಡೇ ಹುಟ್ಟುತ್ತದೆ. ಕೇಳಿ ನೋಡಿ, ಮಕ್ಕಳ ದನಿ ಇಲ್ಲ ಅಂತ ಖಾತ್ರಿಯಾದ ಮೇಲೆ Unlisted ಮಾಡುತ್ತೇನೆ. ಸೆಮಿಸ್ಟರ್ ಪರೀಕ್ಷೆ ಮುಗಿದ ದಿನ ಫೋಲ್ಡರಿನ ಹಂಚಿಕೆಯಿಂದ ಗುಂಪಿನ ವಿಳಾಸ ತೆಗೆದೆ. ಗುಂಪಿನಲ್ಲಿದ್ದ ಇನ್ನೊಂದು ಫೋನಿನಿಂದ ಒತ್ತಿ ನೋಡಿದೆ, ತೆರೆಯಲಿಲ್ಲ. ಮೊದಲ ದಿನ ಸ್ಟಾಫ್ ರೂಮಿಗೆ ಬಂದಿದ್ದ ಹುಡುಗಿಗೆ ಅದನ್ನು ತೋರಿಸಿದೆ. ಅವಳೂ ತನ್ನ ಫೋನ್ ತೆಗೆದು ಒಮ್ಮೆ ಒತ್ತಿ ನೋಡಿದಳು.