ಎಲ್‌ಪಿಜಿ ಟ್ಯಾಂಕ್ ಉಳಿಸಿಕೊಂಡೇ ‘ಸಿಎನ್‌ಜಿ ಮಾಡಿಸಿದ’ ಕಾರು ಕೊಳ್ಳಬೇಡಿ

ಬೆಂಗಳೂರಿನಲ್ಲಿ ಎಲ್‌ಪಿಜಿ ಬಂಕ್ ಹುಡುಕಿಕೊಂಡು ಅಲೆಯುವವರಿಗೆ ಸಿಎನ್‌ಜಿಗೆ ಬದಲಾಯಿಸಿಬಿಡೋಣ ಅನ್ನಿಸುವುದು ಸಹಜ. ಈ ಆಸೆಯನ್ನೇ ಹಿಡಿದು ಕೆಲವರು ಹಳೆ ಕಾರು ದಾಟಿಸುತ್ತಿದ್ದಾರೆ. ಪರಿಚಯದವರೊಬ್ಬರು ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಅಂಥದ್ದು. ಆರ್‌ಸಿಯಲ್ಲಿ ಪೆಟ್ರೋಲ್/ಎಲ್‌ಪಿಜಿ ಎಂದಿತ್ತು. ‘ಈಗ ಸಿಎನ್‌ಜಿ ಮಾಡಿಸಿದೀವಿ, ಆರ್‌ಸಿಲಿ ಆಮೇಲೆ ಹಾಕಿಸ್ಕೊಳ್ಳಿ’ ಎಂದು ಮಾರಿದವರು ಹೇಳಿದ್ದರು. ಸಿಎನ್‌ಜಿ ಬಂಕಿಗೆ ಹೋದಾಗ ಅಲ್ಲಿನ ಹುಡುಗ ಪೈಪ್ ಕೈಗೆತ್ತಿಕೊಳ್ಳಲೇ ಇಲ್ಲ. ‘ಪ್ಲೇಟ್ ಎಲ್ಲಿ ಸರ್? ಡಿಕ್ಕಿ ತೆಗೀರಿ’ ಅಂದ. ಡಿಕ್ಕಿಯಲ್ಲಿ ಇದ್ದದ್ದು ಹಳೆಯ ಎಲ್‌ಪಿಜಿ ಟ್ಯಾಂಕೇ. ಬದಲಾಗಿದ್ದದ್ದು ಗ್ಯಾಸ್ ತುಂಬುವ ಬಾಯಿ, ರೆಡ್ಯೂಸರ್ ಮತ್ತು ಡ್ಯಾಶ್‌ಬೋರ್ಡ್ ಸ್ವಿಚ್ಚಿನ ಮೇಲಿನ ಸ್ಟಿಕ್ಕರ್, ಅಷ್ಟೆ.

ಆ ಹುಡುಗ ಗ್ಯಾಸ್ ಹಾಕಿದ್ದರೆ ಏನಾಗುತ್ತಿತ್ತು ಎಂಬುದನ್ನು ಲೆಕ್ಕ ಮಾಡಿಯೇ ನೋಡಬಹುದು.

ಎಲ್‌ಪಿಜಿ ಎಂದರೆ ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ. ನಮ್ಮ ಹವೆಯಲ್ಲಿ ನಾಲ್ಕರಿಂದ ಎಂಟು-ಹತ್ತು ಬಾರ್ ಒತ್ತಡ ಕೊಟ್ಟರೆ ಸಾಕು, ಅದು ದ್ರವವಾಗಿ ಕೂರುತ್ತದೆ. ಸಿಎನ್‌ಜಿಯಲ್ಲಿ ಇರುವುದು ಬಹುಪಾಲು ಮೀಥೇನ್. ಅದು ಮೈನಸ್ 82 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗದ ಹೊರತು ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಹಾಗಾಗಿ ಅದನ್ನು ಗ್ಯಾಸ್ ರೂಪದಲ್ಲೇ 200 ಬಾರ್‌ವರೆಗೆ ಒತ್ತಿ ತುಂಬುತ್ತಾರೆ. ಎರಡರ ಟ್ಯಾಂಕ್‌ಗಳೂ ಬೇರೆಬೇರೆಯಾಗಿರುವುದು ಈ ಕಾರಣಕ್ಕೆ.

ಆ ಕಾರಿನಲ್ಲಿದ್ದಂಥ 35 ಲೀಟರ್ ಎಲ್‌ಪಿಜಿ ಟ್ಯಾಂಕಿನ ವ್ಯಾಸ ಸುಮಾರು 300 ಮಿಲಿಮೀಟರ್, ಗೋಡೆಯ ದಪ್ಪ 3 ಮಿಲಿಮೀಟರ್. ಉಕ್ಕಿನ ತಗಡನ್ನು ಬಾಗಿಸಿ ವೆಲ್ಡ್ ಮಾಡಿದ ಟ್ಯಾಂಕ್ ಅದು. 200 ಬಾರ್ ಅಂದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 2 ಕೆಜಿ ಒತ್ತಡ. ಗೋಡೆಯ ಮೇಲೆ ಬೀಳುವ ಎಳೆತ ಕಂಡುಹಿಡಿಯಲು ಒತ್ತಡವನ್ನು ವ್ಯಾಸದಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ ಭಾಗಿಸಬೇಕು. 2 × 300 ÷ 6, ಅಂದರೆ ಚದರ ಮಿಲಿಮೀಟರಿಗೆ 100 ಕೆಜಿ. ಇಂಥ ಸಾಧಾರಣ ಉಕ್ಕು 40 ಕೆಜಿಯ ಆಸುಪಾಸಿಗೇ ಹರಿದುಹೋಗುತ್ತದೆ. ಬಂಕಿನ ಮೀಟರು 200 ಮುಟ್ಟುವುದಕ್ಕೆ ಬಹಳ ಮುಂಚೆ, 80 ಬಾರ್ ಹತ್ತಿರವೇ ಟ್ಯಾಂಕ್ ಸೀಳುವ ಲೆಕ್ಕ ಇದು. ತುಕ್ಕು ತಿಂದ ಹಳೆ ಟ್ಯಾಂಕಾದರೆ ಇನ್ನೂ ಬೇಗ.

ಅದೇ 60 ಲೀಟರಿನ ಸಿಎನ್‌ಜಿ ಸಿಲಿಂಡರನ್ನು ನೋಡಿ. ವ್ಯಾಸ ಹೆಚ್ಚುಕಮ್ಮಿ ಅಷ್ಟೇ. ಆದರೆ ಬೆಸುಗೆಯೇ ಇಲ್ಲದ ಕ್ರೋಮ್-ಮಾಲಿಬ್ಡಿನಮ್ ಉಕ್ಕು, ಗೋಡೆ ಏಳೆಂಟು ಮಿಲಿಮೀಟರ್ ದಪ್ಪ. ಅಲ್ಲಿ ಎಳೆತ 42 ಕೆಜಿಯ ಸುತ್ತ ನಿಲ್ಲುತ್ತದೆ, ಆ ಉಕ್ಕು ಅದರ ಎರಡರಷ್ಟನ್ನು ತಡೆಯುತ್ತದೆ. ಖಾಲಿ ಸಿಲಿಂಡರೇ ಸುಮಾರು 60 ಕೆಜಿ ತೂಗುವುದು ಸುಮ್ಮನೆ ಅಲ್ಲ.

‘ಟ್ಯಾಂಕಿಗೆ ಸೇಫ್ಟಿ ವಾಲ್ವ್ ಇದೆಯಲ್ಲ’ ಎಂಬ ವಾದ ಬರುತ್ತದೆ. ಇದೆ, ಸುಮಾರು 27 ಬಾರ್‌ಗೆ ತೆರೆದುಕೊಳ್ಳುತ್ತದೆ. ಬಿಸಿಲಿಗೋ ಬೆಂಕಿಗೋ ಒಳಗಿನ ಎಲ್‌ಪಿಜಿ ಕಾದಾಗ ಏಳುವ ಆವಿಯನ್ನು ಬಿಡಲು ಇಟ್ಟದ್ದು ಅದು. ಬಂಕಿನ ರಭಸಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅದು ಸರಿಯಾಗಿಯೇ ತೆರೆದರೂ ಗ್ಯಾಸ್ ಹೊರಬೀಳುವುದು ಬಂಕಿನ ನಡುವೆ, ಸಾಲಲ್ಲಿ ನಿಂತ ಗಾಡಿಗಳ ಪಕ್ಕದಲ್ಲಿ.

ಇನ್ನು ಕೆಲವರು ‘ಕಮ್ಮಿ ಪ್ರೆಶರ್‌ಗೆ ಹಾಕಿಸ್ಕೊಂಡ್ರಾಯ್ತು’ ಅನ್ನುತ್ತಾರೆ. 35 ಲೀಟರ್ ಟ್ಯಾಂಕಿಗೆ 8 ಬಾರ್‌ವರೆಗೆ ಮೀಥೇನ್ ತುಂಬಿದರೆ ಒಳಗೆ ಹೋಗುವುದು 200 ಗ್ರಾಂ ಚಿಲ್ಲರೆ. ನಾಲ್ಕೈದು ಕಿಲೋಮೀಟರ್ ಓಡಿಸುವಷ್ಟು! ಅದೇ ಟ್ಯಾಂಕಿಗೆ, ಅಷ್ಟೇ ಒತ್ತಡದಲ್ಲಿ, ಎಲ್‌ಪಿಜಿ 15 ಕೆಜಿ ಹಿಡಿಯುತ್ತದೆ. ಅದೂ ಪೂರ್ತಿ ತುಂಬದೆ. ದ್ರವ ಕಾದಾಗ ಹಿಗ್ಗಲು ಜಾಗ ಬೇಕೆಂದು 80 ಪ್ರತಿಶತಕ್ಕೆ, ಅಂದರೆ 28 ಲೀಟರಿಗೆ, ಒಳಗಿನ ಫ್ಲೋಟ್ ವಾಲ್ವ್ ತಡೆಯುತ್ತದೆ. ಸಿಎನ್‌ಜಿ ಸಿಲಿಂಡರಿಗೆ ಈ ತಡೆ ಇಲ್ಲ. ಆದ್ದರಿಂದ ಉಲ್ಟಾ ಸಾಹಸ ಮಾಡಿ ಅದಕ್ಕೆ ಎಲ್‌ಪಿಜಿ ತುಂಬುವುದೂ ಅಪಾಯವೇ. ದ್ರವ ಕಂಠಪೂರ್ತಿ ತುಂಬಿಕೊಂಡರೆ ಬಿಸಿಲಿನಲ್ಲಿ ಒತ್ತಡ ಒಂದೊಂದು ಡಿಗ್ರಿಗೂ ಹಲವು ಬಾರ್ ಏರುತ್ತದೆ.

ಮಾರುವವರು ಮುಂದಿಡುವ ಇನ್ನೊಂದು ಮಾತು ಮೈಲೇಜಿನದು. ‘ಎಲ್‌ಪಿಜೀಲಿ ಹನ್ನೆರಡು ಕೊಡ್ತಿತ್ತು, ಸಿಎನ್‌ಜೀಲಿ ಇಪ್ಪತ್ತಮೂರು ಕೊಡತ್ತೆ.’ ಇದು ಸುಳ್ಳಲ್ಲ, ಆದರೆ ಲಾಭವೂ ಅಲ್ಲ. ಎಲ್‌ಪಿಜಿಯನ್ನು ಲೀಟರ್ ಲೆಕ್ಕದಲ್ಲಿ ಮಾರುತ್ತಾರೆ, ಸಿಎನ್‌ಜಿಯನ್ನು ಕೆಜಿ ಲೆಕ್ಕದಲ್ಲಿ. ಒಂದು ಲೀಟರ್ ಎಲ್‌ಪಿಜಿ ಸುಮಾರು 540 ಗ್ರಾಂ ತೂಗುತ್ತದೆ, ಅದರಲ್ಲಿ ಇರುವುದು 25 ಮೆಗಾಜೂಲ್ ಶಕ್ತಿ. ಒಂದು ಕೆಜಿ ಸಿಎನ್‌ಜಿಯಲ್ಲಿ 48ರ ಆಸುಪಾಸು. ಹನ್ನೆರಡನ್ನು 1.9ರಿಂದ ಗುಣಿಸಿದರೆ ಇಪ್ಪತ್ತಮೂರೇ ಬರುತ್ತದೆ, ಎಂಜಿನ್ ಏನೂ ಚುರುಕಾಗಿಲ್ಲ. ಒಂದು ಕೆಜಿ ಸಿಎನ್‌ಜಿಯ ಬೆಲೆ ಒಂದು ಲೀಟರ್ ಎಲ್‌ಪಿಜಿಯ ಬೆಲೆಗಿಂತ 1.9 ಪಟ್ಟು ಒಳಗಿದ್ದರೆ ಮಾತ್ರ ಉಳಿತಾಯ.

ಸರಿಯಾದ ಸಿಲಿಂಡರ್ ಹಾಕಿಸಿದವರಿಗೂ ಜಾಗದ ಪೆಟ್ಟು ತಪ್ಪದು. 60 ಲೀಟರ್ ಸಿಲಿಂಡರಿಗೆ ಎಂಟೊಂಬತ್ತು ಕೆಜಿ ಸಿಎನ್‌ಜಿ ಹಿಡಿಯುತ್ತದೆ, ಗರಿಷ್ಠ 430 ಮೆಗಾಜೂಲ್. ಹಳೆಯ 28 ಲೀಟರ್ ಎಲ್‌ಪಿಜಿಯಲ್ಲಿ 700 ಇತ್ತು. ಡಿಕ್ಕಿ ಪೂರ್ತಿ ಹೋಗಿ, ಹಿಂದೆ 60 ಕೆಜಿ ಭಾರ ಕೂತು, ಒಮ್ಮೆ ತುಂಬಿಸಿದರೆ ಓಡುವ ದೂರ ಮುಕ್ಕಾಲಿಗಿಂತ ಕಡಿಮೆ. ಇದನ್ನು ಮಾರುವವರು ಬಾಯಿಬಿಟ್ಟು ಹೇಳುವುದು ಅಪರೂಪ.

ಕೊಳ್ಳುವ ಮೊದಲು ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಸ್ಟೆಪ್ನಿ ಜಾಗದಲ್ಲಿ ದುಂಡಗೆ, ಬಳೆಯ ಆಕಾರದಲ್ಲಿ ಕೂತದ್ದು ಎಲ್‌ಪಿಜಿ ಟ್ಯಾಂಕ್, ಅನುಮಾನವೇ ಬೇಡ. ಉದ್ದನೆಯದಾಗಿದ್ದರೆ ನಡುವೆ ಬೆಸುಗೆಯ ಗೆರೆ ಇದೆಯೇ ಎಂದು ಕೈಯಾಡಿಸಿ. ಸಿಎನ್‌ಜಿಯ ಉಕ್ಕಿನ ಸಿಲಿಂಡರಿಗೆ ಅದು ಇರುವುದಿಲ್ಲ. ಸಿಲಿಂಡರಿನ ಕತ್ತಿನ ಬಳಿ ಕೆಲಸದ ಒತ್ತಡ 200 ಎಂದು ಗುದ್ದಿದ ಅಕ್ಷರವೂ, ಪರೀಕ್ಷೆಯ ತಿಂಗಳು-ವರ್ಷವೂ ಇರಬೇಕು. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆಗೆ ಕೊಡಲೇಬೇಕು. ಮುಂದಿನ ಪರೀಕ್ಷೆಯ ದಿನಾಂಕ ಕಂಪ್ಲಯನ್ಸ್ ಪ್ಲೇಟಿನಲ್ಲಿ ಬರೆದಿರುತ್ತದೆ, ಬಂಕ್ ಹುಡುಗ ಕೇಳಿದ್ದು ಅದನ್ನೇ. ಕಂಪನಿ ಮಾತ್ರವಲ್ಲ, ಸಿಲಿಂಡರ್ ನಂಬರ್ ಕೂಡ ಸರ್ಟಿಫಿಕೇಟಿಗೆ ತಾಳೆಯಾಗಬೇಕು. ಆರ್‌ಸಿಯಲ್ಲಿ ಸಿಎನ್‌ಜಿ ಎಂದು ಇಲ್ಲದಿದ್ದರೆ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರುತ್ತದೆ.

ಇಂಥ ಕಾರು ಈಗಾಗಲೇ ಮನೆಗೆ ಬಂದಿದ್ದರೆ ಪೆಟ್ರೋಲಿನಲ್ಲೇ ಓಡಿಸಿ. ಟ್ಯಾಂಕಿನ ವಾಲ್ವ್ ಬಿಚ್ಚಿ ನೀವೇ ಖಾಲಿ ಮಾಡಲು ಹೋಗಬೇಡಿ, ಅದರಲ್ಲೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಮೀಥೇನ್ ಗಾಳಿಗಿಂತ ಹಗುರ, ಮೇಲೇರಿ ಹೋಗುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಉಳಿದ ಒಂದೆರಡು ಲೀಟರ್ ಸೋರಿದರೂ ನೆಲದ ಮೇಲೆ ಹರಡಿ ಮೋರಿ, ಗುಂಡಿಗಳಲ್ಲಿ ನಿಂತು ಕಿಡಿಗಾಗಿ ಕಾಯುತ್ತದೆ. ಅನುಮತಿ ಇರುವ ಎಲ್‌ಪಿಜಿ ಕಿಟ್ ವರ್ಕ್‌ಶಾಪಿನಲ್ಲಿ ಟ್ಯಾಂಕ್ ಬಿಚ್ಚಿಸಿ. ಹೊಸ ಸಿಲಿಂಡರಿನ ಜೊತೆ ಪೈಪುಗಳನ್ನೂ ಪೂರ್ತಿ ಬದಲಾಯಿಸಬೇಕು, ಎಲ್‌ಪಿಜಿಯ ತಾಮ್ರದ ಪೈಪ್ 200 ಬಾರ್‌ಗೆ ಮಾಡಿದ್ದಲ್ಲ. ಆರ್‌ಟಿಒದಲ್ಲಿ ತಿದ್ದುಪಡಿ ಆಗಿ ಪ್ಲೇಟ್ ಬಂದ ಮೇಲೆ ಬಂಕಿಗೆ ಹೋಗಿ.